ಎರಡು ಸಿಮ್, ಒಂದೇ ದಾರಿ: ಮೊಬೈಲಿನ ನೆಟ್ ನಿಧಾನವಾಗುವುದೇಕೆ?

ಕಳೆದ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದು, ಪ್ಲಸ್ ವನ್ ಪ್ರವೇಶಕ್ಕೆ ಏಕಜಾಲಕದ ಮೂಲಕ ಅರ್ಜಿ ಸಲ್ಲಿಸುವ ದಿನಗಳು ನಡೆಯುತ್ತಿದ್ದವು. ಕೊನೆಯ ದಿನಾಂಕಕ್ಕೆ ಇನ್ನು ಒಂದೇ ದಿನ ಉಳಿದಿತ್ತು. ಸಂಜೆಯ ಹೊತ್ತಿಗೆ ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ನನ್ನ ಮನೆಗೆ ಬಂದಳು. ತಂದೆಯ ಕೈಯಲ್ಲಿ ಎರಡು ಸಿಮ್‌ಗಳ ಒಂದು ಫೋನು.

"ಮಾಷ್ಟ್ರೇ, ಒಂದೇ ವಾರದಲ್ಲಿ ಎರಡು ಸಲ ನೆಟ್‌ಗೆ ದುಡ್ಡು ಹಾಕಿದೆ. ಆದರೂ ಪುಟ ತೆರೆಯುವುದಿಲ್ಲ. ಚಕ್ರ ತಿರುಗುತ್ತಾ ಇರುತ್ತದೆ. ಈ ಫೋನು ಹಾಳಾಗಿದೆಯೋ, ಕಂಪೆನಿಯವರು ಮೋಸ ಮಾಡುತ್ತಿದ್ದಾರೋ ಗೊತ್ತಾಗುವುದಿಲ್ಲ. ಹೊಸ ಫೋನು ತೆಗೆಯಬೇಕಾದೀತೇ?" ಎಂದು ಅವರು ಕೇಳಿದರು. ಅಕ್ಷಯ ಕೇಂದ್ರಕ್ಕೆ ಹೋಗಿದ್ದರಂತೆ. ಅಲ್ಲಿ ನೂಕುನುಗ್ಗಲು, ಮಾರನೆಯ ದಿನ ಬರಲು ಹೇಳಿದ್ದರು. ಆ ಒಂದು ದಿನದ ಕೂಲಿಯನ್ನೂ ಬಿಡಬೇಕಾಗಿತ್ತು.

ಫೋನು ಹಾಳಾಗಿರಲಿಲ್ಲ. ಯಾರೂ ಮೋಸ ಮಾಡಿರಲೂ ಇಲ್ಲ. ಫೋನಿನೊಳಗಿನ ಎರಡು ಸಣ್ಣ ಆಯ್ಕೆಗಳು ತಪ್ಪಿದ್ದವು, ಅಷ್ಟೆ. ಅವು ಯಾವುವು, ಅವನ್ನು ನಾವೇ ಹೇಗೆ ಕಂಡುಹಿಡಿಯಬಹುದು ಎಂಬುದನ್ನು ವಿದ್ಯಾರ್ಥಿಗಳಿಗೂ ಹೆತ್ತವರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಅಳತೆ

ಕಾಯಿಲೆ ಯಾವುದೆಂದು ಹೇಳುವ ಮೊದಲು ವೈದ್ಯರು ಜ್ವರ ಅಳೆಯುತ್ತಾರೆ. ನಾವೂ ಮೊದಲು ವೇಗವನ್ನು ಅಳೆಯಬೇಕು. ವೈಫೈ ಇದ್ದರೆ ಅದನ್ನು ನಿಲ್ಲಿಸಿ, ಬ್ರೌಸರಿನಲ್ಲಿ `fast.com` ಎಂದು ಬರೆದರೆ ಕೆಲವು ಕ್ಷಣಗಳಲ್ಲಿ ಒಂದು ಸಂಖ್ಯೆ ಕಾಣಿಸುತ್ತದೆ. ಸಂಖ್ಯೆಯ ಪಕ್ಕದಲ್ಲಿ `Mbps` ಎಂದಿದ್ದರೆ ಸೆಕೆಂಡಿಗೆ ಅಷ್ಟು ಮೆಗಾಬಿಟ್. `Kbps` ಎಂದಿದ್ದರೆ ಸೆಕೆಂಡಿಗೆ ಅಷ್ಟು ಕಿಲೋಬಿಟ್. ಒಂದು ಮೆಗಾಬಿಟ್ ಎಂದರೆ ಸಾವಿರ ಕಿಲೋಬಿಟ್. ಈ ಪರೀಕ್ಷೆಗೂ ಸ್ವಲ್ಪ ಡೇಟಾ ಖರ್ಚಾಗುವುದರಿಂದ ಅದನ್ನು ಮತ್ತೆ ಮತ್ತೆ ಮಾಡಬಾರದು.

ಆ ದಿನ ಅವರ ಫೋನಿನಲ್ಲಿ ಕಂಡ ಸಂಖ್ಯೆ 60 ಕಿಲೋಬಿಟ್. ಇದರ ಅರ್ಥವೇನೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಚಿತ್ರಗಳಿರುವ ಒಂದು ಪುಟದ ತೂಕ 2 ಮೆಗಾಬೈಟ್ ಎಂದಿಟ್ಟುಕೊಳ್ಳೋಣ. ಒಂದು ಬೈಟ್ ಎಂದರೆ 8 ಬಿಟ್. ಆದ್ದರಿಂದ 2 ಮೆಗಾಬೈಟ್ ಎಂದರೆ 16 ಮೆಗಾಬಿಟ್, ಅಂದರೆ 16,000 ಕಿಲೋಬಿಟ್. ಸೆಕೆಂಡಿಗೆ 64 ಕಿಲೋಬಿಟ್ ಬರುವಲ್ಲಿ ಆ ಪುಟಕ್ಕೆ 250 ಸೆಕೆಂಡು, ಅಂದರೆ ನಾಲ್ಕು ನಿಮಿಷಕ್ಕೂ ಮಿಕ್ಕಿ ಬೇಕು. ಸೆಕೆಂಡಿಗೆ 8 ಮೆಗಾಬಿಟ್ ಬರುವಲ್ಲಿ ಅದೇ ಪುಟಕ್ಕೆ ಎರಡೇ ಸೆಕೆಂಡು ಸಾಕು. ಅರ್ಜಿಯ ಪುಟಗಳು ನಾಲ್ಕು ನಿಮಿಷ ಕಾಯುವುದಿಲ್ಲ. ನಡುವೆಯೇ ಹೊರಗೆ ಹಾಕಿ ಮೊದಲಿನಿಂದ ಆರಂಭಿಸಲು ಹೇಳುತ್ತವೆ.

64 ಎಂಬ ಸಂಖ್ಯೆಯನ್ನು ನಾನು ಸುಮ್ಮನೆ ಆರಿಸಿದ್ದಲ್ಲ. ದಿನಕ್ಕೆ 1 ಜಿಬಿ, 1.5 ಜಿಬಿ ಎಂದು ಕೊಡುವ ಅನೇಕ ಯೋಜನೆಗಳಲ್ಲಿ ಆ ದಿನದ ಪಾಲು ಮುಗಿದ ಮೇಲೆ ನೆಟ್ ಪೂರ್ತಿ ನಿಲ್ಲುವುದಿಲ್ಲ. ವೇಗವನ್ನು 64 ಕಿಲೋಬಿಟ್‌ಗೆ ಇಳಿಸುತ್ತಾರೆ. ಹಾಗಾಗಿ ಅಳತೆ 64ರ ಆಸುಪಾಸಿನಲ್ಲಿ ಅಲುಗಾಡದೆ ನಿಂತಿದ್ದರೆ, ಬಹುಮಟ್ಟಿಗೆ ಆ ಸಿಮ್ಮಿನ ದಿನದ ಪಾಲು ಮುಗಿದಿದೆಯೆಂದೇ ತಿಳಿಯಬೇಕು. ಆದರೆ ತಂದೆ ಎರಡು ಸಲ ಹಣ ಹಾಕಿದ್ದರಲ್ಲ? ಆ ಡೇಟಾ ಎಲ್ಲಿ ಹೋಯಿತು?

ಎರಡು ಬಾವಿ, ಒಂದು ಪಂಪು

ಒಂದು ತೋಟದಲ್ಲಿ ಎರಡು ಬಾವಿಗಳಿವೆ, ಪಂಪು ಮಾತ್ರ ಒಂದೇ ಎಂದು ಭಾವಿಸಿ. ಪಂಪಿನ ಪೈಪು ಬತ್ತಿದ ಬಾವಿಯಲ್ಲಿದ್ದರೆ, ಇನ್ನೊಂದು ಬಾವಿ ತುಂಬಿ ತುಳುಕಿದರೂ ಕಂಗಿನ ಬುಡಕ್ಕೆ ನೀರು ಬಾರದು. ಎರಡು ಸಿಮ್‌ಗಳ ಫೋನಿನಲ್ಲಿಯೂ ಹೀಗೆಯೇ. ಮಾತಿನ ಕರೆ ಎರಡು ಸಿಮ್‌ಗೂ ಬರುತ್ತದೆ, ಸಂದೇಶ ಎರಡಕ್ಕೂ ಬರುತ್ತದೆ. ಆದರೆ ಡೇಟಾ ಒಂದು ಹೊತ್ತಿಗೆ ಒಂದೇ ಸಿಮ್ಮಿನ ಮೂಲಕ ಹರಿಯುತ್ತದೆ. ಯಾವುದರ ಮೂಲಕ ಎಂಬುದನ್ನು ಫೋನಿನೊಳಗೆ ಒಂದು ಆಯ್ಕೆ ನಿರ್ಧರಿಸುತ್ತದೆ.

ಅವರ ಫೋನಿನಲ್ಲಿ ಒಂದನೆಯದು ಅವರು ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ ತೆಗೆದ ಕರ್ನಾಟಕದ ಸಿಮ್. ದಿನಕ್ಕೆ 1 ಜಿಬಿಯ ಯೋಜನೆ. ಎರಡನೆಯದು ಮಗಳ ಓದಿಗೆಂದು ಇಲ್ಲಿಯೇ ತೆಗೆದ ಕೇರಳದ ಸಿಮ್. ಹೆಚ್ಚುವರಿ ಡೇಟಾಕ್ಕೆ ಹಣ ಹಾಕಿದ್ದು ಈ ಎರಡನೆಯದಕ್ಕೆ. ನಾನು ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪುಟವನ್ನು ತೆರೆದು ನೋಡಿದೆ. ಅಲ್ಲಿ ಒಂದೊಂದು ಸಿಮ್ಮಿನ ಲೆಕ್ಕ ಬೇರೆ ಬೇರೆಯಾಗಿ ಇರುತ್ತದೆ. ಎರಡನೆಯ ಸಿಮ್ಮಿನ ಎದುರು ಹಿಂದಿನ ಎರಡು ವಾರಗಳಲ್ಲಿ ಬಳಕೆ ಸೊನ್ನೆ! ತುಂಬಿದ ಬಾವಿಯಿಂದ ಒಂದು ಕೊಡ ನೀರನ್ನೂ ಎತ್ತಿರಲಿಲ್ಲ. ಇತ್ತ ಒಂದನೆಯ ಸಿಮ್ಮಿನ ದಿನದ ಪಾಲನ್ನು ಮನೆಯ ಚಿಕ್ಕ ಹುಡುಗ ಬೆಳಿಗ್ಗೆಯೇ ವಿಡಿಯೊ ನೋಡಿ ಮುಗಿಸಿದ್ದ.

ಹೀಗಾದದ್ದು ಹೇಗೆ? ವಿಚಾರಿಸಿದಾಗ ಹುಡುಗಿಗೆ ನೆನಪಾಯಿತು. ಎರಡು ವಾರಗಳ ಹಿಂದೆ ಫೋನು ನೀರಿಗೆ ಬಿದ್ದಿತ್ತು. ಸಿಮ್‌ಗಳನ್ನು ತೆಗೆದು ಒರಸಿ ಮತ್ತೆ ಹಾಕಿದ್ದರು. ಸಿಮ್ ತೆಗೆದು ಹಾಕಿದಾಗ ಅನೇಕ ಫೋನುಗಳು "ಡೇಟಾ ಯಾವುದರಿಂದ?" ಎಂದು ಕೇಳುತ್ತವೆ. ಓದದೆ ಮೊದಲನೆಯದನ್ನು ಒತ್ತಿಬಿಟ್ಟಿದ್ದರು.

ಸರಿಪಡಿಸುವುದು ಸುಲಭ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ `Settings` ಒಳಗೆ `Network & internet`, ಅದರೊಳಗೆ `SIMs` ಎಂದಿರುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ `Connections` ಒಳಗೆ `SIM manager` ಎಂದಿರುತ್ತದೆ. ಹೆಸರು ಸ್ವಲ್ಪ ಬೇರೆಯಾದರೂ ಒಳಗೆ `Mobile data` ಎಂಬ ಸಾಲು ಸಿಗುತ್ತದೆ. ಅದನ್ನು ಒತ್ತಿ, ಹಣ ಹಾಕಿದ ಸಿಮ್ಮನ್ನು ಆರಿಸಬೇಕು.

ಇಲ್ಲಿ ಹೆತ್ತವರಿಗೆ ಒಂದು ಭಯವಿರುತ್ತದೆ. "ಡೇಟಾ ಸಿಮ್ ಬದಲಿಸಿದರೆ ವಾಟ್ಸಾಪ್ ಹೋಗುತ್ತದೆಯೇ? ಒಟಿಪಿ ಬರುವುದಿಲ್ಲವೇ?" ಎಂದು ಆ ತಂದೆಯೂ ಕೇಳಿದರು. ಎರಡೂ ಆಗುವುದಿಲ್ಲ. ಒಟಿಪಿ ಸಂದೇಶವಾಗಿ ಆಯಾ ಸಂಖ್ಯೆಗೆ ಬರುತ್ತದೆ. ಡೇಟಾ ಯಾವುದರಲ್ಲಿದ್ದರೂ ಅದಕ್ಕೆ ವ್ಯತ್ಯಾಸವಿಲ್ಲ. ವಾಟ್ಸಾಪ್ ನೋಂದಾಯಿಸಿದ ಸಂಖ್ಯೆಯೂ ಹಾಗೆಯೇ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಯಾವುದಾದರೊಂದು ದಾರಿಯಿಂದ ನೆಟ್ ಮಾತ್ರ.

ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಅನೇಕ ಫೋನುಗಳಲ್ಲಿ ಎರಡು ಸಿಮ್‌ಗಳಿಗೂ ಸೇರಿ ಒಂದೇ ರೇಡಿಯೋ ಯಂತ್ರವಿರುತ್ತದೆ. ಅದು ಎರಡಕ್ಕೂ ಸರದಿಯಲ್ಲಿ ಕಿವಿಗೊಡುತ್ತದೆ. ಡೇಟಾಕ್ಕಿಲ್ಲದ ಸಿಮ್ಮಿನಲ್ಲಿ ಕರೆ ಬಂದು ಮಾತನಾಡತೊಡಗಿದರೆ, ಆ ಮಾತು ಮುಗಿಯುವವರೆಗೆ ಇನ್ನೊಂದು ಸಿಮ್ಮಿನ ಡೇಟಾ ನಿಂತೇ ಹೋಗಬಹುದು. ಆನ್‌ಲೈನ್ ತರಗತಿಯ ನಡುವೆ ಅಪ್ಪನಿಗೆ ಕರೆ ಬಂದಾಗ ಪಾಠ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಕರೆ ಮುಗಿದೊಡನೆ ಅದು ತಾನಾಗಿ ಸರಿಯಾದರೆ ಫೋನಿನಲ್ಲಿ ದೋಷವಿಲ್ಲವೆಂದು ತಿಳಿಯಿರಿ.

ಒಂದು ಅಕ್ಷರ ಹೇಳುವ ಕಥೆ

ಡೇಟಾ ಸಿಮ್ಮನ್ನು ಬದಲಿಸಿ ಮತ್ತೆ ಅಳೆದೆವು. ಈಗ ಬಂದದ್ದು 110 ಕಿಲೋಬಿಟ್. ಹೆಚ್ಚಿತು, ಆದರೆ ಸಾಲದು. ದಿನದ ಪಾಲು ಮುಗಿದಿಲ್ಲ, ರೇಂಜಿನ ಕಡ್ಡಿಗಳು ನಾಲ್ಕೂ ತುಂಬಿವೆ. ಹಾಗಾದರೆ ತಡೆ ಎಲ್ಲಿ?

ಕಡ್ಡಿಗಳು ತುಂಬಿದರೆ ವೇಗವೂ ಇದೆ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಟವರಿನ ಧ್ವನಿ ಎಷ್ಟು ಗಟ್ಟಿಯಾಗಿ ಕೇಳಿಸುತ್ತಿದೆ ಎಂಬುದನ್ನಷ್ಟೇ ಕಡ್ಡಿಗಳು ಹೇಳುತ್ತವೆ. ಯಾವ ತಲೆಮಾರಿನ ಜಾಲ ಎಂಬುದನ್ನು ಹೇಳುವುದು ಕಡ್ಡಿಗಳ ಪಕ್ಕದ ಅಕ್ಷರ. `G` ಅಥವಾ `E` ಎಂದಿದ್ದರೆ ಎರಡನೆಯ ತಲೆಮಾರು, ಅಂದರೆ 2ಜಿ. `H` ಅಥವಾ `H+` ಎಂದಿದ್ದರೆ ಮೂರನೆಯದು. `4G` ಅಥವಾ `LTE` ಎಂದಿದ್ದರೆ ನಾಲ್ಕನೆಯದು. `5G` ಎಂದರೆ ಐದನೆಯದು. ಅದು ನಮ್ಮ ದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾಯಿತು.

ಆ ಫೋನಿನಲ್ಲಿ ಕಂಡ ಅಕ್ಷರ `E`. ಇದು ಹಿಂದಿನ ಕಾಲದ ದಾರಿ. ಇದರಲ್ಲಿ ಸೆಕೆಂಡಿಗೆ ನೂರಾರು ಕಿಲೋಬಿಟ್ ಬರುವುದೇ ಹೆಚ್ಚು. ಕಡ್ಡಿಗಳು ತುಂಬಿರುವುದಕ್ಕೂ ಕಾರಣ ತಿಳಿಯಿತು: 2ಜಿಯ ಧ್ವನಿ ಗಟ್ಟಿಯಾಗಿ ಕೇಳಿಸುತ್ತಿತ್ತು, ಆದರೆ ಅದು ಒಯ್ಯುವ ಹೊರೆ ಮಾತ್ರ ಸಣ್ಣದು.

ಎರಡನೆಯ ಸಿಮ್ಮಿನ ಪುಟದಲ್ಲಿ `Preferred network type` ಎಂಬ ಸಾಲನ್ನು ತೆರೆದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಇದು `Mobile networks` ಒಳಗೆ `Network mode` ಎಂಬ ಹೆಸರಿನಲ್ಲಿರುತ್ತದೆ. ಅಲ್ಲಿ `2G` ಎಂಬುದರ ಮೇಲೆ ಗುರುತಿತ್ತು. ಬ್ಯಾಟರಿ ಹೆಚ್ಚು ಬಾಳುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ, ಆ ಸಿಮ್ ಬರಿಯ ಮಾತಿಗಿದ್ದ ಕಾಲದಲ್ಲಿ ಹಾಗೆ ಮಾಡಿದ್ದರಂತೆ. ಮಾತಿಗೆ ಅದರಿಂದ ತೊಂದರೆಯಾಗದ ಕಾರಣ ಎಲ್ಲರೂ ಮರೆತಿದ್ದರು. ಅದನ್ನು `4G` ಎಂಬುದಕ್ಕೆ ಬದಲಿಸಿದೆ. ಸ್ಯಾಮ್‌ಸಂಗ್ ಆಗಿದ್ದರೆ `LTE/3G/2G (auto connect)` ಎಂಬುದನ್ನು ಆರಿಸಬೇಕು. ಕಡ್ಡಿಗಳು ಒಮ್ಮೆ ಮಾಯವಾಗಿ, ಸುಮಾರು ಹತ್ತು ಸೆಕೆಂಡಿನಲ್ಲಿ ಮರಳಿ ಬಂದವು. ಈಗ ಕಡ್ಡಿ ನಾಲ್ಕಲ್ಲ, ಎರಡೇ. ಆದರೆ ಪಕ್ಕದಲ್ಲಿ `4G` ಇತ್ತು. ಅಳತೆ 8 ಮೆಗಾಬಿಟ್! ಎರಡು ಕಡ್ಡಿಯ 4ಜಿ ನಾಲ್ಕು ಕಡ್ಡಿಯ 2ಜಿಯನ್ನು ಎಪ್ಪತ್ತು ಪಟ್ಟಿಗೂ ಮಿಕ್ಕಿ ಹಿಂದೆ ಹಾಕಿತ್ತು.

ಈ ಆಯ್ಕೆ ಇಂದಿನ ದಿನಗಳಲ್ಲಿ ಹೆಚ್ಚು ಪೆಟ್ಟು ಕೊಡುವುದಕ್ಕೆ ಒಂದು ಕಾರಣವಿದೆ. ಹಿಂದೆ 4ಜಿಯಿಂದ ಜಾರಿದ ಫೋನು 3ಜಿಯ ಮೆಟ್ಟಿಲಿನಲ್ಲಿ ನಿಲ್ಲುತ್ತಿತ್ತು. ಏರ್‌ಟೆಲ್ 2020ರಲ್ಲಿ ತನ್ನ 3ಜಿಯನ್ನು ಮುಚ್ಚಿತು. ಅಂತಹ ಜಾಲದಲ್ಲಿ ನಡುವಿನ ಮೆಟ್ಟಿಲೇ ಇಲ್ಲ. ಜಾರಿದರೆ ನೇರ 2ಜಿಗೆ. ಜಿಯೋದಲ್ಲಿಯಂತೂ 2ಜಿ, 3ಜಿ ಎರಡೂ ಇಲ್ಲ. ಆದ್ದರಿಂದ ಜಿಯೋ ಸಿಮ್ಮನ್ನು 2ಜಿ ಅಥವಾ 3ಜಿಗೆ ಇಟ್ಟರೆ ನೆಟ್ ನಿಧಾನವಾಗುವುದಲ್ಲ, ರೇಂಜೇ ಹೋಗುತ್ತದೆ. ಒಂದೇ ತಪ್ಪು ಒಂದು ಸಿಮ್ಮಿನಲ್ಲಿ ನಿಧಾನವಾಗಿಯೂ ಇನ್ನೊಂದರಲ್ಲಿ ಪೂರ್ಣ ಮೌನವಾಗಿಯೂ ಕಾಣಿಸುವುದು ಹೀಗೆ.

5ಜಿ ಫೋನಿರುವವರು ಇದರ ವಿರುದ್ಧ ದಿಕ್ಕಿನ ತೊಂದರೆಯನ್ನು ಕಾಣಬಹುದು. 5ಜಿ ಟವರಿನ ಅಂಚಿನಲ್ಲಿ ಮನೆಯಿದ್ದರೆ ಫೋನು 5ಜಿಗೆ ಹೋಗುವುದು, ಬಿಡುವುದು, 4ಜಿಗೆ ಬರುವುದು, ಹೀಗೆ ತೂಗುತ್ತಿರುತ್ತದೆ. ವಿಡಿಯೊ ನಡುನಡುವೆ ನಿಲ್ಲುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಅಂತಹ ಕಡೆ ಒಂದು ದಿನ 4ಜಿಗೆ ಇಟ್ಟು ನೋಡಬೇಕು. ನೆಮ್ಮದಿಯಾಗಿ ನಡೆದರೆ ಮನೆಯಲ್ಲಿರುವಾಗ ಹಾಗೆಯೇ ಇಟ್ಟುಕೊಳ್ಳಬಹುದು.

ಹೆಬ್ಬಾಗಿಲಿನ ಹೆಸರು

ಅಂದು ಇನ್ನೊಂದನ್ನೂ ನೋಡಿದೆ. ಅದು ಸರಿಯಾಗಿಯೇ ಇತ್ತು. ಆದರೆ ಅದರ ಬಗ್ಗೆ ಊರಿನಲ್ಲಿ ಬಹಳ ಸುಳ್ಳು ಮಾತುಗಳು ಓಡಾಡುವುದರಿಂದ ವಿವರಿಸುವುದು ಅಗತ್ಯ. ಅದೇ `Access Point Names`, ಚಿಕ್ಕದಾಗಿ ಎಪಿಎನ್.

ಟವರಿನಿಂದ ಹೊರಟ ನಮ್ಮ ಡೇಟಾ ಮೊದಲು ಕಂಪೆನಿಯ ಸ್ವಂತ ಜಾಲದೊಳಗೆ ಹೋಗುತ್ತದೆ. ಅಲ್ಲಿಂದ ಹೊರಗಿನ ಅಂತರ್ಜಾಲಕ್ಕೆ ಹೋಗಲು ಒಂದು ಹೆಬ್ಬಾಗಿಲಿದೆ. ಯಾವ ಬಾಗಿಲಿನಿಂದ ಹೊರಗೆ ಬಿಡಬೇಕೆಂದು ಫೋನು ಹೇಳುವ ಹೆಸರೇ ಎಪಿಎನ್. ಜಿಯೋದಲ್ಲಿ ಅದು `jionet`, ಏರ್‌ಟೆಲ್‌ನಲ್ಲಿ `airtelgprs.com`, ಬಿಎಸ್‌ಎನ್‌ಎಲ್‌ನಲ್ಲಿ `bsnlnet`. ಪುಟದಲ್ಲಿ `Name` ಎಂಬ ಸಾಲಿನಲ್ಲಿ ಏನು ಬರೆದರೂ ನಡೆಯುತ್ತದೆ. `APN` ಎಂಬ ಸಾಲಿನಲ್ಲಿ ಮಾತ್ರ ಒಂದು ಅಕ್ಷರವೂ ತಪ್ಪಬಾರದು. ಸಾಮಾನ್ಯವಾಗಿ ಸಿಮ್ ಹಾಕಿದಾಗ ಫೋನು ಇದನ್ನು ತಾನೇ ತುಂಬಿಕೊಳ್ಳುತ್ತದೆ.

ಹೆಸರು ತಪ್ಪಿದರೆ ಏನಾಗುತ್ತದೆ? ಕೆಲವೊಮ್ಮೆ `4G` ಎಂದು ಕಾಣಿಸಿದರೂ ಒಂದು ಪುಟವೂ ತೆರೆಯುವುದಿಲ್ಲ. ಕೆಲವೊಮ್ಮೆ ಡೇಟಾದ ಗುರುತೇ ಬರುವುದಿಲ್ಲ. ಇನ್ನು ಕೆಲವೊಮ್ಮೆ ಕಂಪೆನಿಯ ಜಾಲವೇ ತಪ್ಪನ್ನು ತಿದ್ದಿ ಸರಿಯಾದ ಬಾಗಿಲಿಗೆ ಕಳುಹಿಸುತ್ತದೆ. ಅಂದರೆ ಹೆಸರು ತಪ್ಪಿದರೆ ದಾರಿ ಮುಚ್ಚುತ್ತದೆ ಅಥವಾ ತೆರೆದಿರುತ್ತದೆ. ಹೆಸರನ್ನು ಬದಲಿಸಿದ ಮಾತ್ರಕ್ಕೆ ದಾರಿ ಅಗಲವಾಗುವುದಿಲ್ಲ. "ಈ ಎಪಿಎನ್ ಹಾಕಿ, ವೇಗ ಹತ್ತು ಪಟ್ಟು" ಎನ್ನುವ ವಿಡಿಯೊಗಳನ್ನು ನಂಬಬಾರದೆನ್ನುವುದು ಇದೇ ಕಾರಣಕ್ಕೆ.

ಅಂತಹ ವಿಡಿಯೊಗಳಿಂದ ನಿಜವಾಗಿ ನಿಧಾನವಾಗುವ ಒಂದು ಬಗೆಯೂ ಇದೆ. ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ವಿಡಿಯೊ ನೋಡಿ `Proxy` ಮತ್ತು `Port` ಎಂಬ ಸಾಲುಗಳಲ್ಲಿಯೂ ಸಂಖ್ಯೆಗಳನ್ನು ತುಂಬಿದ್ದ. ಆ ಸಾಲುಗಳನ್ನು ತುಂಬಿದರೆ ಬ್ರೌಸರಿನ ಡೇಟಾ ಅಲ್ಲಿ ಬರೆದ ಯಾರದೋ ಗಣಕಯಂತ್ರವನ್ನು ಸುತ್ತಿಕೊಂಡು ಹೋಗಬೇಕಾಗುತ್ತದೆ. ಆ ಯಂತ್ರ ದೂರವಿದ್ದರೆ ನಿಧಾನ. ನಿಂತುಹೋಗಿದ್ದರೆ ಬ್ರೌಸರಿನ ಪುಟಗಳು ತೆರೆಯುವುದೇ ಇಲ್ಲ. ಅವನ ಫೋನಿನಲ್ಲಿ ವಾಟ್ಸಾಪ್ ಚೆನ್ನಾಗಿ ನಡೆಯುತ್ತಿತ್ತು, ಬ್ರೌಸರ್ ಮಾತ್ರ ತೆವಳುತ್ತಿತ್ತು. ಇದೇ ಆ ದೋಷದ ಗುರುತು. ನಾವು ನೋಡುವ ಪುಟಗಳನ್ನು ಅಪರಿಚಿತನೊಬ್ಬನ ಕಣ್ಣೆದುರು ಹಾಯಿಸುವುದು ಕ್ಷೇಮವೂ ಅಲ್ಲ. ಎಪಿಎನ್ ಪುಟದ ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ `Reset to default` ಎಂಬುದನ್ನು ಆರಿಸಿದರೆ ತುಂಬಿದ್ದೆಲ್ಲ ಅಳಿದು ಮೊದಲಿನ ಸ್ಥಿತಿಗೆ ಬರುತ್ತದೆ. ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಕೆಲಸ ಮುಗಿಯಿತು.

ಗಡಿಯಲ್ಲಿರುವ ನಮಗೆ ವಿಶೇಷ

ದೂರವಾಣಿಯ ಲೆಕ್ಕದಲ್ಲಿ ಕೇರಳ ಒಂದು ವಲಯ, ಕರ್ನಾಟಕ ಇನ್ನೊಂದು ವಲಯ. ತಲಪಾಡಿಯ ಆಸುಪಾಸಿನಲ್ಲಿಯೂ ಮಂಜೇಶ್ವರದ ಕಡೆಯ ಕೆಲವು ಗುಡ್ಡೆಗಳ ಮೇಲೆಯೂ ಕೇರಳದ ಸಿಮ್ ಕರ್ನಾಟಕದ ಟವರನ್ನು ಹಿಡಿಯುವುದುಂಟು. ಕರ್ನಾಟಕದ ಸಿಮ್ಮನ್ನು ಇಲ್ಲಿ ಬಳಸುವವರು ಪರವಲಯದಲ್ಲಿಯೇ ಇದ್ದಾರೆ. ಕೆಲವು ಫೋನುಗಳು ಇದನ್ನು ಪರವಲಯ ಸಂಚಾರವೆಂದು ಎಣಿಸಿ ಕಡ್ಡಿಗಳ ಬಳಿ `R` ಎಂದು ತೋರಿಸುತ್ತವೆ. ಆಗ `Roaming` ಎಂಬ ಗುಂಡಿ ಮುಚ್ಚಿದ್ದರೆ ಕರೆ ನಡೆಯುತ್ತದೆ, ಡೇಟಾ ನಿಲ್ಲುತ್ತದೆ. ಮನೆಯ ಜಗಲಿಯಲ್ಲಿ ನೆಟ್ ಇದೆ, ಹಿಂದಿನ ಕೋಣೆಯಲ್ಲಿ ಇಲ್ಲ, ಕಡ್ಡಿ ಎರಡೂ ಕಡೆ ಇದೆ ಎಂದಾದರೆ `R` ಇದೆಯೇ ಎಂದು ನೋಡಿ, ಆ ಗುಂಡಿಯನ್ನು ತೆರೆಯಿರಿ. ದೇಶದೊಳಗೆ ಇಂದಿನ ಸಾಮಾನ್ಯ ಯೋಜನೆಗಳಲ್ಲಿ ಇದಕ್ಕೆ ಬೇರೆ ಶುಲ್ಕವಿರುವುದಿಲ್ಲ. ಆದರೆ ಇಲ್ಲಿಯ ಸಿಮ್ಮನ್ನು ಗಲ್ಫಿಗೆ ಒಯ್ಯುವವರು ಹೊರಡುವ ಮೊದಲು ಅದನ್ನು ಮುಚ್ಚಬೇಕು. ಹೊರದೇಶದಲ್ಲಿ ಯೋಜನೆ ಹಾಕಿಸದೆ ಡೇಟಾ ಬಳಸಿದರೆ ಖರ್ಚು ಬಹಳ.

ಸೆಟ್ಟಿಂಗ್ಸ್‌ನಿಂದ ಆಗದ್ದು

ಎಲ್ಲ ನಿಧಾನಕ್ಕೂ ಫೋನಿನ ಆಯ್ಕೆಗಳೇ ಕಾರಣವಲ್ಲ. ಬೆಳಿಗ್ಗೆ ಆರಕ್ಕೆ ಚೆನ್ನಾಗಿದ್ದ ನೆಟ್ ಅದೇ ಜಾಗದಲ್ಲಿ, ಅದೇ ಸಿಮ್ಮಿನಲ್ಲಿ, `4G` ಗುರುತಿರುವಾಗಲೇ ರಾತ್ರಿ ಎಂಟಕ್ಕೆ ತೆವಳಿದರೆ, ಟವರಿನಲ್ಲಿ ಜನ ಹೆಚ್ಚಾಗಿದ್ದಾರೆಂದು ಅರ್ಥ. ಒಂದೇ ಟವರಿನ ಸಾಮರ್ಥ್ಯ ಎಲ್ಲರಿಗೂ ಹಂಚಿಹೋಗುತ್ತದೆ. ಗುಡ್ಡೆಯ ಮರೆಯ ಕಣಿವೆಯಲ್ಲಿ ಮನೆಯಿದ್ದರೆ 4ಜಿಯ ಧ್ವನಿಯೇ ತಲುಪದಿರಬಹುದು. ಇಂತಹ ಕಡೆ ಕಂಪೆನಿಗೆ ದೂರು ಕೊಡುವುದು ಅಥವಾ ಎರಡು ಸಿಮ್‌ಗಳಲ್ಲಿ ಯಾವುದು ಮನೆಯ ಯಾವ ಮೂಲೆಯಲ್ಲಿ ಚೆನ್ನಾಗಿದೆಯೆಂದು ಅಳೆದು ಅದಕ್ಕೇ ಹಣ ಹಾಕುವುದು, ಇಷ್ಟೇ ದಾರಿ. ಅವಸರದಲ್ಲಿ ಜಾಲದ ಎಲ್ಲ ಸೆಟ್ಟಿಂಗ್ಸ್‌ಗಳನ್ನು ಒಟ್ಟಿಗೆ ಅಳಿಸುವ ಆಯ್ಕೆಯನ್ನು ಒತ್ತಬೇಡಿ. ಅದು ವೈಫೈಯ ಗುಪ್ತಪದಗಳನ್ನೂ ಬ್ಲೂಟೂತ್ ಜೋಡಣೆಗಳನ್ನೂ ಅಳಿಸಿಬಿಡುತ್ತದೆ.

ಆದುದರಿಂದ ನೆಟ್ ನಿಧಾನವೆನಿಸಿದಾಗ ಹಣ ಹಾಕುವ ಮೊದಲು ಈ ಕ್ರಮದಲ್ಲಿ ನೋಡಿ. ಡೇಟಾ ಯಾವ ಸಿಮ್ಮಿನಿಂದ ಹರಿಯುತ್ತಿದೆ? ಆ ಸಿಮ್ಮಿನ ದಿನದ ಪಾಲು ಉಳಿದಿದೆಯೇ? ಕಡ್ಡಿಯ ಪಕ್ಕದ ಅಕ್ಷರ ಯಾವುದು? ಕೊನೆಗೆ ಎಪಿಎನ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ. ಮೊದಲಿನ ಆಯ್ಕೆ ಯಾವುದಿತ್ತೆಂದು ಒಂದು ಚೀಟಿಯಲ್ಲಿ ಬರೆದಿಡಿ. ವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇದನ್ನೇ.

ಅಂದು ರಾತ್ರಿ ಎಂಟೂವರೆಗೆ ಹುಡುಗಿಯ ಅರ್ಜಿ ಸಲ್ಲಿಕೆಯಾಯಿತು. ಇಷ್ಟಕ್ಕೆಲ್ಲ ಹಿಡಿದ ಸಮಯ ಇಪ್ಪತ್ತು ನಿಮಿಷ. ಅದರಲ್ಲಿಯೂ ಹೆಚ್ಚಿನ ಹೊತ್ತು ಅರ್ಜಿ ತುಂಬುವುದಕ್ಕೆ. ತಂದೆ ಫೋನನ್ನು ಕೈಗೆ ತೆಗೆದುಕೊಂಡು, "ಅಂದರೆ ನಾನು ಹಾಕಿದ ದುಡ್ಡು ಇದರೊಳಗೇ ಇತ್ತು, ಅಲ್ಲವೇ ಮಾಷ್ಟ್ರೇ?" ಎಂದು ಕೇಳಿದರು. ಹೌದು, ಒಳಗೇ ಇತ್ತು. ಪೈಪು ಮಾತ್ರ ಬೇರೆ ಬಾವಿಯಲ್ಲಿತ್ತು.